ಸೊನ್ನೆಯ ಕೆಳಗೆ ಸೊನ್ನೆ

(ಬಾನುಲಿ ಭಾಷಣ)

ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲಿ ವಿಚಿತ್ರವಾದ ಒಂದು ಲೆಕ್ಕವುಂಟು. ಯಾವುದೋ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಬೇಕು. ಬಂದುದಕ್ಕೆ ಅದರ ಅರ್ಧವನ್ನು ಕೂಡಿಸಬೇಕು. ಆ ಮೊತ್ತವನ್ನು ಮೂರರಿಂದ ಗುಣಿಸಿ, ಕಡೆಯಲ್ಲಿ ಸೊನ್ನೆಯಿಂದ ಭಾಗಿಸಬೇಕು. ಹೀಗೆ ಮಾಡಿದಾಗ 63 ಬಂದರೆ ಆ ಸಂಖ್ಯೆ ಯಾವುದು? ಇದು ಪ್ರಶ್ನೆ. ಗ್ರಂಥ ರಚಿತವಾದದ್ದು 1150ರಲ್ಲಿ. ಆಚಾರ್ಯ ಕೊಡುವ ಉತ್ತರ 14.

ಇಂದು ಶಾಲೆಯಲ್ಲಿ ಕಲಿಯುತ್ತಿರುವ ಹುಡುಗನೊಬ್ಬ ಈ ಲೆಕ್ಕವನ್ನು ನೋಡಿದರೆ ಕೂಡಲೇ ಆಕ್ಷೇಪ ಎತ್ತುತ್ತಾನೆ. ಯಾವ ಸಂಖ್ಯೆಯನ್ನೇ ಆಗಲಿ ಸೊನ್ನೆಯಿಂದ ಗುಣಿಸಿದ ಮೇಲೆ ಉಳಿಯುವುದು ಸೊನ್ನೆ. ಅದರ ಅರ್ಧವೂ ಸೊನ್ನೆ, ಮೂರು ಪಟ್ಟೂ ಸೊನ್ನೆ. ಕಡೆಗೆ ನಮ್ಮ ಕೈಯಲ್ಲಿರುವುದು ಸೊನ್ನೆಯ ಕೆಳಗೆ ಸೊನ್ನೆ. ಅದರಿಂದ 63 ಎಂಬುದು ಎದ್ದು ಬರುವುದು ಹೇಗೆ? ಆಕ್ಷೇಪ ನ್ಯಾಯವಾದದ್ದೇ. ಆದರೂ ಭಾಸ್ಕರನ ಉತ್ತರದಲ್ಲಿ ಒಂದು ಸತ್ಯ ಅಡಗಿದೆ. ಅದು ಯಾವುದು, ಅದನ್ನು ಹೊರಗೆಡಹುವ ಬಗೆ ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಸೊನ್ನೆಯಿಂದ ಭಾಗಿಸುವುದರ ಬಗ್ಗೆ ನಮ್ಮ ಹಿಂದಿನ ಗಣಿತಜ್ಞರು ಒಮ್ಮತಕ್ಕೆ ಬಂದಿರಲಿಲ್ಲ. ಬ್ರಹ್ಮಗುಪ್ತನು 628ರ ತನ್ನ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಎಂದ. ನಮ್ಮ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಸುಮಾರು 850ರಲ್ಲಿ, 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದ. ಈ ಎರಡು ಮಾತುಗಳೂ ಇಂದು ನಿಲ್ಲುವುದಿಲ್ಲ. ಏಕೆಂದರೆ ಭಾಗಾಕಾರವೆಂದರೆ ಗುಣಾಕಾರವನ್ನು ಹಿಂದುಮುಂದಾಗಿ ಕೇಳುವುದು. ಹನ್ನೆರಡನ್ನು ಮೂರರಿಂದ ಭಾಗಿಸು ಎಂದರೆ, ಮೂರನ್ನು ಎಷ್ಟರಿಂದ ಗುಣಿಸಿದರೆ ಹನ್ನೆರಡಾಗುತ್ತದೆ ಎಂದರ್ಥ. ಐದನ್ನು ಸೊನ್ನೆಯಿಂದ ಭಾಗಿಸು ಎಂದರೆ, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೆ ಐದಾಗುತ್ತದೆ ಎಂದಂತೆ. ಅಂಥ ಸಂಖ್ಯೆಯೇ ಇಲ್ಲ. ಆದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸು ಎಂದಾಗ ತೊಡಕು ಬೇರೆ ಬಗೆಯದು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೆ ಸೊನ್ನೆಯಾಗುತ್ತದೆ? ಒಂದರಿಂದ ಗುಣಿಸಿದರೂ ಆಗುತ್ತದೆ, ಏಳರಿಂದಲೂ ಆಗುತ್ತದೆ, 63ರಿಂದಲೂ ಆಗುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರವೇ ಇಲ್ಲ. ಎರಡನೆಯದಕ್ಕೆ ಎಲ್ಲವೂ ಉತ್ತರ. ಎಲ್ಲವೂ ಉತ್ತರವಾದಾಗ ಯಾವುದೂ ಉತ್ತರವಲ್ಲ. ಆದುದರಿಂದಲೇ ಇದನ್ನು ಅನಿಶ್ಚಿತ ರೂಪವೆಂದು ಕರೆಯುತ್ತಾರೆ.

ಈಗ ಭಾಸ್ಕರನ ಲೆಕ್ಕವನ್ನು ಬೇರೊಂದು ರೀತಿಯಲ್ಲಿ ಮಾಡಿ ನೋಡೋಣ. ಸೊನ್ನೆಯ ಬದಲು ನೂರರಲ್ಲೊಂದು ಭಾಗವನ್ನು ತೆಗೆದುಕೊಳ್ಳಿ. 14ನ್ನು ಅದರಿಂದ ಗುಣಿಸಿದರೆ 0.14. ಅದರ ಅರ್ಧವನ್ನು ಕೂಡಿಸಿದರೆ 0.21. ಮೂರು ಪಟ್ಟು ಮಾಡಿದರೆ 0.63. ಮತ್ತೆ ಆ ನೂರರಲ್ಲೊಂದರಿಂದಲೇ ಭಾಗಿಸಿದರೆ ಸರಿಯಾಗಿ 63. ನೂರರಲ್ಲೊಂದರ ಬದಲು ಸಾವಿರದಲ್ಲೊಂದನ್ನು ಇಡಿ, ಲಕ್ಷದಲ್ಲೊಂದನ್ನು ಇಡಿ, ಉತ್ತರ 63 ಎಂಬುದು ಅಲುಗುವುದಿಲ್ಲ. ಸೊನ್ನೆಯ ಎಷ್ಟು ಸಮೀಪಕ್ಕೆ ಹೋದರೂ 63 ಅಲ್ಲೇ ಇರುತ್ತದೆ. ಮುಂದೆ ಸೊನ್ನೆಯಿಂದ ಭಾಗಿಸುವುದು ಇದೆ ಎಂದು ಗೊತ್ತಿದ್ದರೆ, ಸೊನ್ನೆಯಿಂದ ಗುಣಿಸುವ ಕೆಲಸವನ್ನು ಮಾಡಿ ಮುಗಿಸದೆ ಹಾಗೆಯೇ ಕಾದಿರಿಸಬೇಕೆಂದು ಭಾಸ್ಕರ ವಿಧಿಸಿದ್ದರ ಹುರುಳು ಇದೇ. ಗ್ರಹಗಣಿತದಲ್ಲಿ ಇದರ ಉಪಯೋಗ ಬಹಳವೆಂದೂ ಅವನು ಹೇಳುತ್ತಾನೆ. ಚಂದ್ರನಂತೆ ವೇಗ ಬದಲಿಸುತ್ತ ಸಾಗುವ ಗ್ರಹದ 'ತಾತ್ಕಾಲಿಕ ಗತಿ'ಯನ್ನು, ಅಂದರೆ ಒಂದು ಕ್ಷಣದ ವೇಗವನ್ನು, ಅವನು 'ಸಿದ್ಧಾಂತಶಿರೋಮಣಿ'ಯಲ್ಲಿ ವಿಚಾರಿಸಿದ್ದಾನೆ.

ಆದರೆ ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಗುಣಿಸಿದ ಸೊನ್ನೆಯೂ ಭಾಗಿಸಿದ ಸೊನ್ನೆಯೂ ಒಂದೇ ಸಣ್ಣ ಪರಿಮಾಣದಿಂದ ಹುಟ್ಟಿದವಾಗಿರಬೇಕು. ನೂರರಲ್ಲೊಂದರ ವರ್ಗದಿಂದ, ಅಂದರೆ ಹತ್ತು ಸಾವಿರದಲ್ಲೊಂದರಿಂದ ಗುಣಿಸಿ, ನೂರರಲ್ಲೊಂದರಿಂದ ಭಾಗಿಸಿದ್ದರೆ ಬರುತ್ತಿದ್ದುದು 63 ಅಲ್ಲ, 0.63. ಸಾವಿರದಲ್ಲೊಂದನ್ನು ಹಾಗೆಯೇ ಬಳಸಿದ್ದರೆ 0.063. ಆ ದಾರಿಯಲ್ಲಿ ಹೋದರೆ ಕೊನೆಗೆ ಸಿಗುವುದು ಸೊನ್ನೆ. ಕಾಗದದ ಮೇಲೆ ಬರೆದ ಸೊನ್ನೆ ತಾನು ಎಲ್ಲಿಂದ ಬಂದೆನೆಂಬುದನ್ನು ಮರೆತಿರುತ್ತದೆ. ಸೊನ್ನೆಯ ಕೆಳಗೆ ಸೊನ್ನೆ ಎಂಬ ರೂಪವನ್ನು ಬಿಡಿಸುವುದೆಂದರೆ, ಮೇಲಿನದೂ ಕೆಳಗಿನದೂ ಯಾವ ದಾರಿಯಲ್ಲಿ, ಎಷ್ಟು ಬೇಗ ಸೊನ್ನೆಗೆ ಇಳಿದವು ಎಂದು ವಿಚಾರಿಸುವುದು. ಹಾಗೆ ವಿಚಾರಿಸಿದಾಗ ಭಾಗಲಬ್ಧವು ಯಾವ ಸಂಖ್ಯೆಗೆ ಹತ್ತಿರ ಹತ್ತಿರ ಸಾರುತ್ತದೆಯೋ ಅದನ್ನು ಪರಿಮಿತಿ ಎನ್ನುತ್ತೇವೆ. ಕಾಲೇಜುಗಳಲ್ಲಿ ಲಿಮಿಟ್ ಎಂದು ಹೇಳುವುದು ಇದನ್ನೇ.

ಈ ವಿಚಾರಣೆಗೆ ಮೂರು ದಾರಿಗಳಿವೆ. ಒಂದು ಅಪವರ್ತಿಸುವುದು, ಎರಡನೆಯದು ಕರಣಿಯನ್ನು ಕಳೆಯುವುದು, ಮೂರನೆಯದು ಶ್ರೇಣಿಯಾಗಿ ಹರಡುವುದು. ಪಠ್ಯಪುಸ್ತಕಗಳಲ್ಲಿ ಇವು ಮೂರು ಬೇರೆ ಬೇರೆ ಉಪಾಯಗಳಂತೆ ತೋರುತ್ತವೆ. ನನ್ನ ಮಟ್ಟಿಗೆ ಇವು ಮೂರೂ ಒಂದೇ ಕೆಲಸವನ್ನು ಮಾಡುತ್ತವೆ. ಮೇಲೆಯೂ ಕೆಳಗೆಯೂ ಸೊನ್ನೆಯನ್ನು ತಂದಿಟ್ಟ ಒಂದೇ ಅಪವರ್ತನ ಎಲ್ಲಿ ಅಡಗಿದೆ ಎಂಬುದನ್ನು ಹುಡುಕಿ ಹೊರಕ್ಕೆ ತೆಗೆಯುವುದೇ ಆ ಕೆಲಸ. ಒಂದೊಂದನ್ನೂ ಒಂದು ಉದಾಹರಣೆಯಿಂದ ನೋಡೋಣ.

ಆಳವಾದ ಬಾವಿಗೆ ಕಲ್ಲೊಂದನ್ನು ಬಿಟ್ಟಿದ್ದೇವೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕಲ್ಲು ಬಿದ್ದ ದೂರ ಸೆಕೆಂಡುಗಳ ವರ್ಗದ ಸುಮಾರು ಐದು ಪಟ್ಟು ಮೀಟರು. ಎರಡು ಸೆಕೆಂಡಿನಲ್ಲಿ ಅದು 20 ಮೀಟರು ಬಿದ್ದಿರುತ್ತದೆ. ಸರಿಯಾಗಿ ಎರಡನೆಯ ಸೆಕೆಂಡು ಮುಗಿದ ಕ್ಷಣದಲ್ಲಿ ಅದರ ವೇಗವೆಷ್ಟು? ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸುವುದು. ಒಂದು ಕ್ಷಣದಲ್ಲಿ ಸಾಗಿದ ದೂರ ಸೊನ್ನೆ, ಕಳೆದ ಕಾಲವೂ ಸೊನ್ನೆ. ಕಲ್ಲು ಚಲಿಸುತ್ತಿರುವುದು ಖಂಡಿತ. ಆದರೂ ಲೆಕ್ಕ ಸೊನ್ನೆಯ ಕೆಳಗೆ ಸೊನ್ನೆಗೆ ಬಂದು ನಿಂತಿತು.

ಆ ಕ್ಷಣದಿಂದ ಮುಂದೆ 'ಕ್ಷ' ಸೆಕೆಂಡುಗಳ ಕಾಲವನ್ನು ಕೊಡೋಣ. ಎರಡು ಕೂಡಿಸು ಕ್ಷ ಎಂಬುದರ ವರ್ಗವು 4 + 4ಕ್ಷ + ಕ್ಷ². ಅದರ ಐದು ಪಟ್ಟಿನಿಂದ ಮೊದಲಿನ 20ನ್ನು ಕಳೆದರೆ ಉಳಿದ ದೂರ 20ಕ್ಷ + 5ಕ್ಷ². ಇದನ್ನು ಕ್ಷ ಸೆಕೆಂಡಿನಿಂದ ಭಾಗಿಸಬೇಕು. ಮೇಲಿನ ಎರಡು ಪದಗಳಲ್ಲಿಯೂ ಒಂದು ಕ್ಷ ಇದೆ. ಅದನ್ನು ಅಪವರ್ತಿಸಿ ಹೊರಕ್ಕೆ ತೆಗೆದರೆ ಕ್ಷ(20 + 5ಕ್ಷ). ಈಗ ಮೇಲಿನ ಕ್ಷಕ್ಕೂ ಕೆಳಗಿನ ಕ್ಷಕ್ಕೂ ಸರಿಹೋಗಿ ಉಳಿಯುವುದು 20 + 5ಕ್ಷ. ಕಾಲು ಸೆಕೆಂಡು, ಹತ್ತರಲ್ಲೊಂದು ಸೆಕೆಂಡು, ನೂರರಲ್ಲೊಂದು ಸೆಕೆಂಡು ಎಂದು ಕ್ಷವನ್ನು ಕಿರಿದುಮಾಡುತ್ತ ಹೋದರೆ ಸರಾಸರಿ ವೇಗ 21.25, 20.5, 20.05 ಆಗುತ್ತ 20ಕ್ಕೆ ಸಾರುತ್ತದೆ. ಸೆಕೆಂಡಿಗೆ 20 ಮೀಟರು ಎಂಬುದೇ ಆ ಕ್ಷಣದ ವೇಗ. ಸೊನ್ನೆಗಳನ್ನು ಹುಟ್ಟಿಸಿದ್ದ ಕ್ಷ ಹೊರಟುಹೋಯಿತು. ಅದರ ಹಿಂದೆ ಮರೆಯಾಗಿದ್ದ 20 ಕಾಣಿಸಿಕೊಂಡಿತು.

ಇಲ್ಲಿ ಸೂಕ್ಷ್ಮವಾದ ಒಂದು ಆಕ್ಷೇಪವಿದೆ. ಐರ್ಲೆಂಡಿನ ತತ್ತ್ವಜ್ಞಾನಿ ಬರ್ಕ್ಲಿ 1734ರಲ್ಲಿ ಅದನ್ನು ಬಹಳ ಕಟುವಾಗಿ ಎತ್ತಿದ. ನೀವು ಕ್ಷದಿಂದ ಭಾಗಿಸಿದಾಗ ಅದು ಸೊನ್ನೆಯಲ್ಲ ಎಂದಿರಿ. ಭಾಗಿಸಿ ಮುಗಿದ ಕೂಡಲೇ ಅದು ಸೊನ್ನೆ ಎಂದು ಉಳಿದ ಪದವನ್ನು ಒರಸಿಹಾಕಿದಿರಿ. ಒಂದೇ ವಸ್ತು ಒಮ್ಮೆ ಇದ್ದು ಇನ್ನೊಮ್ಮೆ ಇಲ್ಲವಾಗುವುದು ಯಾವ ನ್ಯಾಯ? ನ್ಯೂಟನ್ನನ ಅನುಯಾಯಿಗಳಿಗೆ ಇದಕ್ಕೆ ತೃಪ್ತಿಕರವಾದ ಉತ್ತರ ಕೊಡುವುದು ಕಷ್ಟವಾಯಿತು. ಫ್ರಾನ್ಸಿನ ಕೋಶಿ 1821ರಲ್ಲಿ ಪ್ರಕಟಿಸಿದ ಗ್ರಂಥದಿಂದ ಉತ್ತರದ ದಾರಿ ತೆರೆಯಿತು. ಕ್ಷ ಎಂದೂ ಸೊನ್ನೆಯಾಗುವುದಿಲ್ಲ, ಆಗಬೇಕಾದ ಅಗತ್ಯವೂ ಇಲ್ಲ. ಸೊನ್ನೆಯಲ್ಲದ ಪ್ರತಿಯೊಂದು ಕ್ಷಕ್ಕೂ ಭಾಗಲಬ್ಧ 20 + 5ಕ್ಷ ಎಂಬುದು ನಿಜ. ಆ ಭಾಗಲಬ್ಧ 20ಕ್ಕೆ ನೀವು ಬೇಡಿದಷ್ಟು ಹತ್ತಿರವಿರಬೇಕಾದರೆ ಕ್ಷ ಎಷ್ಟು ಕಿರಿದಾಗಿರಬೇಕೆಂದು ನಾನು ಹೇಳಬಲ್ಲೆ. ಸಾವಿರದಲ್ಲೊಂದರಷ್ಟು ಹತ್ತಿರ ಬೇಕೆಂದರೆ ಕ್ಷ ಐದು ಸಾವಿರದಲ್ಲೊಂದಕ್ಕಿಂತ ಕಿರಿದಾಗಿದ್ದರೆ ಸಾಕು. ಪರಿಮಿತಿಯೆಂದರೆ ಈ ಭರವಸೆ. ಸೊನ್ನೆಯ ಸ್ಥಾನದಲ್ಲಿ ಏನಾಗುತ್ತದೆ ಎಂಬುದನ್ನು ಅದು ಕೇಳುವುದೇ ಇಲ್ಲ. ನೆರೆಹೊರೆಯಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ಕೇಳುತ್ತದೆ.

ಬೀಜಗಣಿತದ ಬಹುಪದಗಳಿಗೆ ಸಂಬಂಧಿಸಿದಂತೆ ಅಪವರ್ತಿಸುವ ದಾರಿ ಎಂದೂ ಕೈಕೊಡುವುದಿಲ್ಲ. ಕ್ಷಕ್ಕೆ 2 ಎಂಬ ಬೆಲೆಯನ್ನು ಕೊಟ್ಟಾಗ ಬಹುಪದ ಸೊನ್ನೆಯಾದರೆ, ಅದರೊಳಗೆ ಕ್ಷ − 2 ಎಂಬ ಅಪವರ್ತನ ಇರಲೇಬೇಕು. ಸೊನ್ನೆ ಬಂದಿತೆಂಬುದೇ ಅಪವರ್ತನದ ಗುರುತು. ಕ್ಷ³ − 8 ಎಂಬುದನ್ನು ಕ್ಷ² − 4ರಿಂದ ಭಾಗಿಸುವಾಗ 2ರಲ್ಲಿ ಎರಡೂ ಸೊನ್ನೆ. ಎರಡರಿಂದಲೂ ಕ್ಷ − 2ನ್ನು ತೆಗೆದುಬಿಟ್ಟರೆ ಮೇಲೆ ಉಳಿಯುವುದು ಕ್ಷ² + 2ಕ್ಷ + 4, ಕೆಳಗೆ ಕ್ಷ + 2. ಈಗ 2ನ್ನು ಇಟ್ಟರೆ ಹನ್ನೆರಡರ ಕೆಳಗೆ ನಾಲ್ಕು, ಅಂದರೆ 3. ತೆಗೆದ ಮೇಲೂ ಸೊನ್ನೆಯ ಕೆಳಗೆ ಸೊನ್ನೆಯೇ ಉಳಿದರೆ ಹೆದರಬೇಕಾಗಿಲ್ಲ. ಅದೇ ಅಪವರ್ತನ ಎರಡು ಮಡಿಕೆಯಾಗಿ ಕುಳಿತಿದೆ ಎಂದರ್ಥ. ಇನ್ನೊಮ್ಮೆ ತೆಗೆಯಬೇಕು, ಅಷ್ಟೆ.

ಅಪವರ್ತನ ಕಣ್ಣಿಗೆ ಕಾಣದಂತೆ ವರ್ಗಮೂಲದೊಳಗೆ ಅವಿತುಕೊಂಡಾಗ ಎರಡನೆಯ ದಾರಿ ಬೇಕಾಗುತ್ತದೆ. ಒಂದು ಕೂಡಿಸು ಕ್ಷ ಎಂಬುದರ ವರ್ಗಮೂಲವನ್ನು ತೆಗೆದು, ಅದರಿಂದ ಒಂದನ್ನು ಕಳೆದು, ಉಳಿದುದನ್ನು ಕ್ಷದಿಂದ ಭಾಗಿಸಬೇಕೆಂದು ಇಟ್ಟುಕೊಳ್ಳೋಣ. ಬರೆದರೆ ಅದು ಹೀಗೆ ಕಾಣುತ್ತದೆ:

(√(1 + ಕ್ಷ) − 1) ÷ ಕ್ಷ

ಕ್ಷ ಸೊನ್ನೆಯಾದರೆ ಮೇಲೆ ಒಂದರಲ್ಲಿ ಒಂದು ಹೋಗಿ ಸೊನ್ನೆ, ಕೆಳಗೂ ಸೊನ್ನೆ. ಇಲ್ಲಿ ಅಪವರ್ತಿಸಲು ಹೊರಟರೆ ಕೈಗೆ ಏನೂ ಸಿಗದು. ಸಣ್ಣ ಸಣ್ಣ ಸಂಖ್ಯೆಗಳನ್ನು ಇಟ್ಟು ನೋಡಿಬಿಡೋಣ ಎಂದು ಯಾರಿಗಾದರೂ ಅನ್ನಿಸಬಹುದು. ಎಂಟು ಅಂಕೆಗಳನ್ನು ತೋರಿಸುವ, ಅದರಾಚೆಯವನ್ನು ಕತ್ತರಿಸಿಬಿಡುವ ಸಾಧಾರಣ ಕ್ಯಾಲ್ಕುಲೇಟರಿನಲ್ಲಿ ಹೀಗೆ ಮಾಡಿದರೆ ಏನು ಬರುತ್ತದೆಂಬುದನ್ನು ಗಮನವಿಟ್ಟು ನೋಡಬೇಕು.

ಕ್ಷ ನೂರರಲ್ಲೊಂದಾದಾಗ 0.49875. ಸಾವಿರದಲ್ಲೊಂದಾದಾಗ 0.4998. ಇಲ್ಲಿಯವರೆಗೆ ಎಲ್ಲವೂ ಸರಿ. ಉತ್ತರ ಅರ್ಧದ ಕಡೆಗೆ ನಡೆಯುತ್ತಿದೆ ಎನ್ನಿಸುತ್ತದೆ. ಆದರೆ ಹತ್ತು ಸಾವಿರದಲ್ಲೊಂದಾದಾಗ 0.499, ಲಕ್ಷದಲ್ಲೊಂದಾದಾಗ 0.49, ಹತ್ತು ಲಕ್ಷದಲ್ಲೊಂದಾದಾಗ 0.4, ಕೋಟಿಯಲ್ಲೊಂದಾದಾಗ ಶುದ್ಧ ಸೊನ್ನೆ! ಗುರಿಯ ಹತ್ತಿರ ಹೋದಷ್ಟೂ ಉತ್ತರ ಕೆಡುತ್ತ ಬಂತು. ಇದಕ್ಕೆ ಕಾರಣ ಯಂತ್ರದ ದೋಷವಲ್ಲ, ಕಳೆಯುವ ಕ್ರಿಯೆ. ಕ್ಷ ಹತ್ತು ಲಕ್ಷದಲ್ಲೊಂದಾದಾಗ ವರ್ಗಮೂಲ ನಿಜವಾಗಿ 1.000000499 ಎಂದು ಮುಂದುವರಿಯುತ್ತದೆ. ಯಂತ್ರದಲ್ಲಿ ಉಳಿದದ್ದು 1.0000004. ಎಂಟು ಅಂಕೆಗಳೂ ನಂಬತಕ್ಕವೇ. ಆದರೆ ಒಂದನ್ನು ಕಳೆದ ಕೂಡಲೇ ಮುಂದಿನ ಏಳು ಅಂಕೆಗಳು ಒಟ್ಟಿಗೆ ಅಳಿದು, ಬಾಲದ ನಾಲ್ಕು ಎಂಬ ಒಂದೇ ಅಂಕೆ ಉಳಿಯಿತು. ಹೆಚ್ಚುಕಡಮೆ ಸಮನಾದ ಎರಡು ಸಂಖ್ಯೆಗಳಲ್ಲಿ ಒಂದನ್ನು ಇನ್ನೊಂದರಿಂದ ಕಳೆದಾಗ ನಮ್ಮ ತಿಳಿವೆಲ್ಲ ಹೀಗೆ ಸೋರಿಹೋಗುತ್ತದೆ. ಇದನ್ನು ಗುರುತಿಸುವುದು ಸುಲಭ: ಕ್ಷವನ್ನು ಹತ್ತು ಪಟ್ಟು ಕಿರಿದು ಮಾಡಿದಾಗಲೆಲ್ಲ ಉತ್ತರದ ಒಂದೊಂದು ಅಂಕೆ ಉದುರಿದರೆ, ಅಲ್ಲಿ ಸೋರಿಕೆ ಇದೆ ಎಂದು ತಿಳಿಯಬೇಕು. ಇನ್ನೂ ಹೆಚ್ಚು ಅಂಕೆಗಳ ಯಂತ್ರವನ್ನು ತಂದರೂ ಸೋರಿಕೆ ಸ್ವಲ್ಪ ಮುಂದಕ್ಕೆ ಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಇದಕ್ಕೆ ಮದ್ದು ಅಕರಣೀಕರಣ. ಮೇಲಿನ ಪದದಲ್ಲಿ ವರ್ಗಮೂಲ, ಅಂದರೆ ಕರಣಿ, ಕಳೆಯುವ ಚಿಹ್ನೆಯೊಡನೆ ಇದೆ. ಅದರ ಜೊತೆಗಾರನಾದ √(1 + ಕ್ಷ) + 1 ಎಂಬುದರಿಂದ ಮೇಲೆಯೂ ಕೆಳಗೆಯೂ ಗುಣಿಸೋಣ. ಈ ಜೊತೆಗಾರ ಎರಡಕ್ಕೆ ಸಮೀಪದ್ದು, ಸೊನ್ನೆಯಲ್ಲ. ಆದುದರಿಂದ ಅದರಿಂದ ಗುಣಿಸುವುದರಲ್ಲಿ ಅಪಾಯವಿಲ್ಲ. ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಗುಣಿಸಿದರೆ ವರ್ಗಗಳ ವ್ಯತ್ಯಾಸ ಬರುತ್ತದೆಂಬುದು ಎಲ್ಲರೂ ಬಲ್ಲ ಸೂತ್ರ. ಅದರಂತೆ ಮೇಲೆ ಬರುವುದು 1 + ಕ್ಷ − 1, ಅಂದರೆ ಬರಿಯ ಕ್ಷ. ಅಡಗಿದ್ದ ಅಪವರ್ತನ ಬಯಲಿಗೆ ಬಂತು. ಅದು ಕೆಳಗಿನ ಕ್ಷದೊಡನೆ ಸರಿಹೋಗಿ ಉಳಿಯುವುದು ಇಷ್ಟು:

1 ÷ (√(1 + ಕ್ಷ) + 1)

ಕ್ಷ ಸೊನ್ನೆಗೆ ಸಾರಿದಂತೆ ಇದು ಒಂದರ ಕೆಳಗೆ ಎರಡಕ್ಕೆ, ಅಂದರೆ ಅರ್ಧಕ್ಕೆ ಸಾರುತ್ತದೆ. ಅದೇ ಕ್ಯಾಲ್ಕುಲೇಟರಿನಲ್ಲಿ ಈ ರೂಪವನ್ನು ಲೆಕ್ಕ ಹಾಕಿ. ಹತ್ತು ಲಕ್ಷದಲ್ಲೊಂದಕ್ಕೆ 0.4 ಎಂದಿದ್ದ ಯಂತ್ರ ಈಗ 0.4999999 ಎನ್ನುತ್ತದೆ. ಯಂತ್ರ ಅದೇ, ಅಂಕೆಗಳೂ ಅಷ್ಟೇ. ಕಳೆಯುವುದಿದ್ದ ಜಾಗದಲ್ಲಿ ಕೂಡುವುದು ಬಂದಿತು. ಅಷ್ಟರಿಂದಲೇ ಎಲ್ಲವೂ ನೆಟ್ಟಗಾಯಿತು. ಕರಣಿಯನ್ನು ಕಳೆಯುವುದು ಪರೀಕ್ಷೆಗಾಗಿ ಕಲಿಯುವ ಬರಿಯ ಚಮತ್ಕಾರವೆಂದು ತಿಳಿದವರು ಇದನ್ನೊಮ್ಮೆ ತಾವೇ ಮಾಡಿ ನೋಡಬೇಕು.

ಇನ್ನು ಮೂರನೆಯ ದಾರಿ. ಅಪವರ್ತನವೂ ಕಾಣದು, ವರ್ಗಮೂಲವೂ ಇಲ್ಲ. ಮುಖ್ಯವಾಗಿ ವೃತ್ತಕ್ಕೆ ಸಂಬಂಧಿಸಿದ ಪರಿಮಾಣಗಳಲ್ಲಿ ಹೀಗಾಗುತ್ತದೆ. ಅದಕ್ಕೆ ನಮ್ಮ ದೇಶದ ಗಣಿತದಲ್ಲಿಯೇ ಒಳ್ಳೆಯ ದೃಷ್ಟಾಂತವಿದೆ. ವೃತ್ತದ ಒಂದು ತುಂಡು ಕಂಸಕ್ಕೆ ಚಾಪವೆಂದು ಹೆಸರು. ಅದರ ಒಂದು ತುದಿಯಿಂದ ಇನ್ನೊಂದು ತುದಿಯ ತ್ರಿಜ್ಯಕ್ಕೆ ಇಳಿಸಿದ ಲಂಬವೇ ಜ್ಯಾ. ಇಂದಿನ ಸೈನ್ ಇದೇ. ಪರಿಧಿಯನ್ನು 21,600 ಕಲೆಗಳೆಂದು ಹಂಚಿದರೆ ತ್ರಿಜ್ಯ ಸುಮಾರು 3,438 ಕಲೆಗಳಾಗುತ್ತದೆ. ಆರ್ಯಭಟನ 499ರ ಪಟ್ಟಿಯಲ್ಲಿ 225 ಕಲೆಯ ಚಾಪಕ್ಕೆ ಜ್ಯಾ ಕೂಡ 225 ಕಲೆ. ಪೂರ್ಣಾಂಕಗಳ ಮಟ್ಟಿಗೆ ಇದು ಸರಿಯಾದ ಬೆಲೆ. ಇಷ್ಟು ಸಣ್ಣ ಕಂಸ ಬಹುಮಟ್ಟಿಗೆ ನೇರವಾಗಿಯೇ ಇರುತ್ತದೆ.

ಈಗ ಒಂದು ಪ್ರಶ್ನೆ ಕೇಳೋಣ. ಚಾಪಕ್ಕಿಂತ ಜ್ಯಾ ಎಷ್ಟು ಕಡಮೆ? ಆ ಕೊರತೆಯನ್ನು ಚಾಪದ ಘನದಿಂದ ಭಾಗಿಸಿದರೆ, ಚಾಪ ಕಿರಿದಾದಂತೆ ಭಾಗಲಬ್ಧ ಯಾವ ಸಂಖ್ಯೆಗೆ ಸಾರುತ್ತದೆ? ತ್ರಿಜ್ಯವನ್ನು ಒಂದೆಂದು ಇಟ್ಟುಕೊಂಡರೆ ಪ್ರಶ್ನೆಯ ರೂಪ ಹೀಗೆ:

(ಕ್ಷ − ಸೈನ್ ಕ್ಷ) ÷ ಕ್ಷ³

ಮತ್ತೆ ಸೊನ್ನೆಯ ಕೆಳಗೆ ಸೊನ್ನೆ. ಪೂರ್ಣಾಂಕಗಳ ಪಟ್ಟಿಯನ್ನು ಹಿಡಿದು ಹೊರಟರೆ 225ರಲ್ಲಿ 225 ಕಳೆದು ಕೊರತೆಯೇ ಸೊನ್ನೆ, ಆದುದರಿಂದ ಉತ್ತರವೂ ಸೊನ್ನೆ. ಪಟ್ಟಿಯಲ್ಲಿ ತಪ್ಪಿಲ್ಲ, ಆದರೆ ಈ ಪ್ರಶ್ನೆಗೆ ಬೇಕಾದದ್ದು ಪಟ್ಟಿ ಬಿಟ್ಟುಬಿಟ್ಟ ಕಲೆಯ ಅಂಶದಲ್ಲಿಯೇ ಇತ್ತು. ಕ್ಯಾಲ್ಕುಲೇಟರಿನಲ್ಲಿ ಕಂಡ ಸೋರಿಕೆಯೇ ಇಲ್ಲಿಯೂ ಆಗಿದೆ.

ಕೇರಳದ ಸಂಗಮಗ್ರಾಮದ ಮಾಧವನು ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿಯೂ ಹದಿನೈದನೆಯದರ ಆದಿಯಲ್ಲಿಯೂ ಇದ್ದವನು. ಜ್ಯಾವನ್ನು ಕೊನೆಯಿಲ್ಲದ ಶ್ರೇಣಿಯಾಗಿ ಹರಡುವ ಬಗೆಯನ್ನು ಅವನ ಪರಂಪರೆಯವರು ಅವನ ಹೆಸರಿನಲ್ಲಿ ಉಳಿಸಿಕೊಟ್ಟಿದ್ದಾರೆ. ಇಂದಿನ ಬರಹದಲ್ಲಿ ಅದು ಹೀಗೆ:

ಸೈನ್ ಕ್ಷ = ಕ್ಷ − ಕ್ಷ³/6 + ಕ್ಷ⁵/120 − ...

ಕ್ಷದಿಂದ ಇದನ್ನು ಕಳೆದರೆ ಮೊದಲ ಪದ ತಾನೇ ಹೊರಟುಹೋಗುತ್ತದೆ. ಉಳಿಯುವುದು ಕ್ಷ³/6 − ಕ್ಷ⁵/120 ಇತ್ಯಾದಿ. ಉಳಿದ ಪ್ರತಿಯೊಂದು ಪದದಲ್ಲಿಯೂ ಕ್ಷ³ ಇದೆ. ಅದನ್ನು ಹೊರಕ್ಕೆ ತೆಗೆದು ಕೆಳಗಿನ ಕ್ಷ³ದೊಡನೆ ಸರಿಹೋಗಿಸಿದರೆ 1/6 − ಕ್ಷ²/120 ಎಂದು ಆರಂಭವಾಗುವ ಶ್ರೇಣಿ ಉಳಿಯುತ್ತದೆ. ಕ್ಷ ಸೊನ್ನೆಗೆ ಸಾರಿದಂತೆ ಇದು ಆರರಲ್ಲೊಂದಕ್ಕೆ ಸಾರುತ್ತದೆ.

ಇದನ್ನು ಮಾಧವನ ಪಟ್ಟಿಯಿಂದಲೇ ಒರೆಗೆ ಹಚ್ಚಬಹುದು. ಅವನು 225 ಕಲೆಯ ಚಾಪಕ್ಕೆ ಕೊಡುವ ಜ್ಯಾ 224 ಕಲೆ, 50 ವಿಕಲೆ, 22 ತತ್ಪರೆ. ಕಲೆಯ ಅರವತ್ತರಲ್ಲೊಂದು ವಿಕಲೆ, ವಿಕಲೆಯ ಅರವತ್ತರಲ್ಲೊಂದು ತತ್ಪರೆ. ಹಾಗಾದರೆ ಕೊರತೆ 9 ವಿಕಲೆ, 38 ತತ್ಪರೆ, ದಶಮಾಂಶದಲ್ಲಿ 0.1606 ಕಲೆ. ತ್ರಿಜ್ಯದ ಅಳತೆಗೆ ಪರಿವರ್ತಿಸಿದರೆ ಚಾಪ 0.06545, ಅದರ ಘನ 0.00028037, ಕೊರತೆ 0.0000467. ಭಾಗಿಸಿ ನೋಡಿದರೆ ಸುಮಾರು 0.1666. ಆರರಲ್ಲೊಂದೆಂದರೆ 0.1667. ಅಂದಿನ ಪಟ್ಟಿಯ ಒಂದೇ ಒಂದು ಸಾಲು ಇಂದಿನ ಪರಿಮಿತಿಗೆ ಇಷ್ಟು ನಿಕಟವಾದ ಸಾಕ್ಷ್ಯ ಹೇಳುತ್ತದೆ.

ಈ ಮೂರನೆಯ ದಾರಿಯಲ್ಲಿ ವಿದ್ಯಾರ್ಥಿಗಳು ಎಡವುವುದನ್ನು ನಾನು ಹೆಚ್ಚಾಗಿ ಕಂಡಿರುವ ಒಂದು ಸ್ಥಳವಿದೆ. ಸಣ್ಣ ಕೋನದ ಸೈನ್ ಆ ಕೋನಕ್ಕೇ ಸಮವೆಂದು ಅವರು ಕಲಿತಿರುತ್ತಾರೆ. ಆದ್ದರಿಂದ ಸೈನ್ ಕ್ಷದ ಜಾಗದಲ್ಲಿ ಕ್ಷವನ್ನೇ ಬರೆದು, ಕ್ಷದಲ್ಲಿ ಕ್ಷ ಹೋಗಿ ಸೊನ್ನೆ ಎಂದು ಮುಗಿಸುತ್ತಾರೆ. ಸೈನ್ ಕ್ಷವನ್ನು ಕ್ಷದಿಂದ ಭಾಗಿಸುವಾಗ ಈ ಬದಲಾವಣೆ ಸಾಧುವೇ. ಅಲ್ಲಿ ಉತ್ತರ ಒಂದು ಎಂದು ಸರಿಯಾಗಿಯೇ ಬರುತ್ತದೆ. ಆದರೆ ಕಳೆಯುವಾಗ ದೊಡ್ಡ ಪದಗಳು ಒಂದನ್ನೊಂದು ನುಂಗಿಕೊಂಡುಬಿಡುತ್ತವೆ. ಆಗ ಉತ್ತರವನ್ನು ತೀರ್ಮಾನಿಸುವುದು ನಾವು ಉಪೇಕ್ಷಿಸಿದ ಚಿಕ್ಕ ಪದ. ಎಲ್ಲಿಯವರೆಗೆ ಪದಗಳನ್ನು ಉಳಿಸಿಕೊಳ್ಳಬೇಕೆಂಬುದಕ್ಕೆ ಛೇದವೇ ಪ್ರಮಾಣ. ಕೆಳಗೆ ಕ್ಷ³ ಇದ್ದರೆ ಮೇಲೆ ಕ್ಷ³ ಬರುವವರೆಗಾದರೂ ಶ್ರೇಣಿಯನ್ನು ಹರಡಬೇಕು. ಅದಕ್ಕೆ ಮೊದಲೇ ನಿಲ್ಲಿಸಿದವನು ತನಗೆ ಸಿಕ್ಕಿದ ಸೊನ್ನೆ ನಿಜವಾದ ಸೊನ್ನೆಯೋ, ತಾನು ನಿಲ್ಲಿಸಿದ್ದರಿಂದ ಬಂದ ಸೊನ್ನೆಯೋ ಎಂದು ಹೇಳಲಾರ.

ಕಾಲೇಜಿನಲ್ಲಿ ಕಲಿತವರು ಇಲ್ಲಿ ಲೋಪಿತಾಲನ ನಿಯಮವನ್ನು ನೆನೆಯಬಹುದು. 1696ರಲ್ಲಿ ಅವನ ಪುಸ್ತಕದಲ್ಲಿ ಮೊದಲು ಅಚ್ಚಾದ, ಆದರೆ ಮೂಲತಃ ಯೋಹಾನ್ ಬೆರ್ನೂಲಿಯದಾದ ಆ ನಿಯಮದಂತೆ, ಮೇಲಿನ ಪದವೂ ಕೆಳಗಿನ ಪದವೂ ಬದಲಾಗುವ ದರಗಳನ್ನು ಪ್ರತ್ಯೇಕವಾಗಿ ಕಂಡುಹಿಡಿದು, ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಸಾಮಾನ್ಯವಾಗಿ ಅದು ಮಾಡುವುದು ಎರಡು ಶ್ರೇಣಿಗಳ ಮೊದಲ ಪದಗಳನ್ನು ಹೋಲಿಸುವ ಕೆಲಸವನ್ನೇ. ಆದರೆ ಸೊನ್ನೆಯ ಕೆಳಗೆ ಸೊನ್ನೆ ಬಂದಿದೆಯೇ ಎಂದು ನೋಡದೆ ಅದನ್ನು ಹಚ್ಚಬಾರದು. ಕ್ಷ + 1ನ್ನು ಕ್ಷ + 2ರಿಂದ ಭಾಗಿಸಿ ಕ್ಷವನ್ನು ಸೊನ್ನೆಗೆ ಸಾರಿಸಿದರೆ ಉತ್ತರ ಅರ್ಧ; ನಿಯಮವನ್ನು ಕಣ್ಣುಮುಚ್ಚಿ ಹಚ್ಚಿದವನಿಗೆ ಸಿಗುವುದು ಒಂದು.

ಪ್ರತಿಯೊಂದು ಸೊನ್ನೆಯ ಕೆಳಗಣ ಸೊನ್ನೆಗೂ ಉತ್ತರವಿದ್ದೇ ಇರುತ್ತದೆ ಎಂದು ತಿಳಿಯಬಾರದು. ಕ್ಷದ ಧನ-ಋಣ ಚಿಹ್ನೆಯನ್ನು ಬಿಟ್ಟು ಅದರ ಗಾತ್ರವನ್ನಷ್ಟೇ ತೆಗೆದುಕೊಂಡು, ಅದನ್ನು ಕ್ಷದಿಂದ ಭಾಗಿಸಿ ನೋಡಿ. ಬಲಗಡೆಯಿಂದ, ಅಂದರೆ ಧನ ಸಂಖ್ಯೆಗಳ ಕಡೆಯಿಂದ ಸೊನ್ನೆಗೆ ಬಂದರೆ ಭಾಗಲಬ್ಧ ಸದಾ ಒಂದು. ಎಡಗಡೆಯಿಂದ ಬಂದರೆ ಸದಾ ಋಣ ಒಂದು. ಎರಡು ದಾರಿಗಳು ಎರಡು ಊರುಗಳನ್ನು ತಲುಪುತ್ತವೆ. ಆದ್ದರಿಂದ ಇಲ್ಲಿ ಪರಿಮಿತಿ ಇಲ್ಲ. ಬರಿಯ ಕ್ಷವನ್ನು ಕ್ಷದ ವರ್ಗದಿಂದ ಭಾಗಿಸಿದರೆ ಕೆಳಗಿನ ಸೊನ್ನೆ ಹೆಚ್ಚು ಬೇಗ ಇಳಿದು, ಭಾಗಲಬ್ಧ ಎಲ್ಲೆಮೀರಿ ಬೆಳೆಯುತ್ತದೆ. ವರ್ಗವನ್ನು ಕ್ಷದಿಂದ ಭಾಗಿಸಿದರೆ ಮೇಲಿನದು ಬೇಗ ಇಳಿದು, ಉತ್ತರ ಸೊನ್ನೆ. ಇಬ್ಬರೂ ಸಮವೇಗದಲ್ಲಿ ಇಳಿದಾಗ ಮಾತ್ರ ಇಪ್ಪತ್ತು, ಅರ್ಧ, ಆರರಲ್ಲೊಂದು ಎಂಬಂಥ ನಿರ್ದಿಷ್ಟ ಸಂಖ್ಯೆಗಳು ನಮಗೆ ದೊರಕುತ್ತವೆ.

ಆದುದರಿಂದ ಇಂಥ ಲೆಕ್ಕವೊಂದು ಎದುರಾದಾಗ ಮೊದಲು ಬೆಲೆಯನ್ನು ಇಟ್ಟು, ನಿಜವಾಗಿಯೂ ಮೇಲೆ ಕೆಳಗೆ ಎರಡೂ ಸೊನ್ನೆಯೇ ಎಂದು ನೋಡಬೇಕು. ಆಮೇಲೆ ಸೊನ್ನೆಯನ್ನು ತಂದ ಅಪವರ್ತನ ಬಯಲಲ್ಲಿದೆಯೋ, ಕರಣಿಯ ಮರೆಯಲ್ಲಿದೆಯೋ, ಶ್ರೇಣಿಯ ಒಡಲಿನಲ್ಲಿದೆಯೋ ಎಂದು ಹುಡುಕಬೇಕು. ಅದನ್ನು ಕಂಡು ತೆಗೆದ ಮೇಲೆ, ಸೊನ್ನೆಗೆ ಸಮೀಪದ ಒಂದು ಸಂಖ್ಯೆಯನ್ನು ಇಟ್ಟು ಉತ್ತರವನ್ನು ತಾಳೆ ನೋಡಬೇಕು. ಆ ಸಂಖ್ಯೆ ತೀರ ಸಮೀಪದ್ದಾಗಿರಬಾರದು. ನೂರರಲ್ಲೊಂದೋ ಸಾವಿರದಲ್ಲೊಂದೋ ಆದರೆ ಸಾಕು. ಅದಕ್ಕಿಂತ ಹತ್ತಿರ ಹೋದರೆ ಅಂಕೆಗಳು ಸೋರಿಹೋಗಿ, ಸರಿಯಾದ ಉತ್ತರವನ್ನೇ ನಾವು ತಪ್ಪೆಂದು ಹೊಡೆದುಹಾಕಿಬಿಡಬಹುದು.